ಸೋಯಾ ಹಾಲು, ಥೈರಾಯ್ಡ್ ಮಾತ್ರೆ ಮತ್ತು ಆ ಹತ್ತು ನಿಮಿಷ

ಪ್ರಶ್ನೆ: "ಡಾಕ್ಟ್ರೇ, ನನಗೆ 41 ವರ್ಷ. ಆರು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೊಳ್ತಿದ್ದೀನಿ, 75 ಮೈಕ್ರೋಗ್ರಾಂ. ಟಿಎಸ್‌ಎಚ್ ಯಾವಾಗಲೂ 2ರ ಆಸುಪಾಸಿನಲ್ಲೇ ಇರ್ತಿತ್ತು. ಮಗಳಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ ಅಂತ ನಾಲ್ಕು ತಿಂಗಳ ಹಿಂದೆ ಮನೆಯವರೆಲ್ಲ ಸೋಯಾ ಹಾಲಿಗೆ ಬದಲಾದ್ವಿ. ಬೆಳಿಗ್ಗೆ ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಸೋಯಾ ಹಾಲಿನ ಕಾಫಿ ಕುಡೀತೀನಿ. ಈಗ ನೋಡಿದರೆ ಟಿಎಸ್‌ಎಚ್ 8.4, ಫ್ರೀ ಟಿ4 ನಾರ್ಮಲ್ ಒಳಗೇ ಇದೆ ಆದರೆ ಕೆಳಗಿನ ತುದಿಯಲ್ಲಿ. ನಮ್ಮ ಡಾಕ್ಟರ್ ಮಾತ್ರೆ 100ಕ್ಕೆ ಏರಿಸಿದ್ದಾರೆ. ಸ್ಟ್ರಿಪ್ ತಂದಿಟ್ಟಿದ್ದೀನಿ, ಶುರು ಮಾಡಿಲ್ಲ. ಸೋಯಾ ವಿಷಯ ಅವರಿಗೆ ಹೇಳೋದು ಮರೆತೆ. ಯಜಮಾನ್ರು ಜಿಮ್‌ಗೆ ಹೋಗ್ತಾರೆ, ದಿನಾ ಎರಡು ಲೋಟ ಕುಡೀತಾರೆ, ಅವರ ಗೆಳೆಯರು ಸೋಯಾ ಕುಡಿದರೆ ಗಂಡಸರಿಗೆ ಎದೆ ಬೆಳೆಯುತ್ತೆ ಅಂತಾರಂತೆ. ಮಗಳಿಗೆ ಒಂಬತ್ತೂವರೆ, ಒಂದು ಕಡೆ ಎದೆ ಸ್ವಲ್ಪ ಗಟ್ಟಿಯಾಗಿದೆ. ಅತ್ತೆ ಇದೆಲ್ಲ ಸೋಯಾದ್ದೇ ಕೆಲಸ ಅಂತಿದ್ದಾರೆ. ಪೂರ್ತಿ ನಿಲ್ಲಿಸಿಬಿಡಲಾ?"

ಉತ್ತರ:

ಮೊದಲು ಒಂದು ಫೋನ್ ಮಾಡಿ, ನಿಮ್ಮ ಡಾಕ್ಟರಿಗೆ. ಹೊಸ ಸ್ಟ್ರಿಪ್ ಒಡೆಯುವ ಮುಂಚೆ. ನೀವು ನನಗೆ ಬರೆದಿರುವ ಆ ಒಂದು ಸಾಲನ್ನೇ ಅವರಿಗೂ ಹೇಳಿ: ಮಾತ್ರೆ ನುಂಗಿದ ಹತ್ತು ನಿಮಿಷಕ್ಕೆ ಸೋಯಾ ಹಾಲಿನ ಕಾಫಿ, ನಾಲ್ಕು ತಿಂಗಳಿಂದ. ಅವರು ನಿಮ್ಮ ರಿಪೋರ್ಟ್ ಮಾತ್ರ ನೋಡಿದ್ದಾರೆ, ಕಾಫಿ ಲೋಟ ನೋಡಿಲ್ಲ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು, ಅಂದರೆ ಟಿ4, ಸಾಲದಾದಾಗ ಟಿಎಸ್‌ಎಚ್ ಏರುತ್ತದೆ, ಜಾಸ್ತಿಯಾದಾಗ ಇಳಿಯುತ್ತದೆ. ಹಾಗಾಗಿ 8.4 ಕಂಡರೆ ಯಾರಾದರೂ ಡೋಸ್ ಏರಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ನನಗೆ ಅನಿಸುವ ಮಟ್ಟಿಗೆ ನಿಮ್ಮ ಥೈರಾಯ್ಡ್ ಗ್ರಂಥಿ ಹೊಸದಾಗಿ ಏನೂ ಕೆಟ್ಟಿಲ್ಲ. ನೀವು ನುಂಗಿದ ಮಾತ್ರೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತಿಲ್ಲ, ಅಷ್ಟೇ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಮಾತ್ರೆಯಲ್ಲಿರುವ ಔಷಧಿ ಲೆವೊಥೈರಾಕ್ಸಿನ್. 75 ಮೈಕ್ರೋಗ್ರಾಂ ಅಂದರೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗವೂ ಅಲ್ಲ. ಇಷ್ಟು ಚೂರು ಔಷಧಿ ಸಣ್ಣ ಕರುಳಿನಲ್ಲಿ ಹೀರಿಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿದರೂ ನೂರಕ್ಕೆ ಅರವತ್ತರಿಂದ ಎಂಬತ್ತು ಭಾಗ ಮಾತ್ರ ಒಳಗೆ ಹೋಗುತ್ತದೆ. ಅದರ ಬೆನ್ನಿಗೇ ಬೇರೆ ಏನಾದರೂ ಕರುಳಿಗೆ ಇಳಿದರೆ ಔಷಧಿ ಅದಕ್ಕೆ ಅಂಟಿಕೊಂಡು ಕೆಳಗೆ ಹೋಗಿಬಿಡುತ್ತದೆ.

ನಿಮ್ಮ ಲೋಟದಲ್ಲಿ ಅಂಥವು ಒಂದಲ್ಲ, ಮೂರು ಇವೆ. ಒಂದು ಸೋಯಾ. ಇದರ ಜೊತೆ ಸೇರಿದರೆ ಲೆವೊಥೈರಾಕ್ಸಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮಾತ್ರೆಯ ಜೊತೆ ಬರುವ ಮಡಚಿದ ಮಾಹಿತಿ ಚೀಟಿ ಇರುತ್ತದಲ್ಲ, ಯಾರೂ ಬಿಡಿಸಿ ಓದದ ಚೀಟಿ, ಅದರಲ್ಲೂ ಸೋಯಾ ಹಿಟ್ಟಿನ ಬಗ್ಗೆ ಎಚ್ಚರಿಕೆ ಇರುತ್ತದೆ. ಎರಡನೆಯದು ಕಾಫಿ. ಹಾಲಿಲ್ಲದ ಕಾಫಿಯೂ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ಮೂರನೆಯದು ಜನಕ್ಕೆ ಹೊಳೆಯುವುದೇ ಇಲ್ಲ: ಕ್ಯಾಲ್ಸಿಯಂ. ಪ್ಯಾಕೆಟ್ ತಿರುಗಿಸಿ ನೋಡಿ. ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲಾದರೆ ಸಾಮಾನ್ಯವಾಗಿ 100 ಮಿ.ಲೀ.ಗೆ ಸುಮಾರು 120 ಮಿಲಿಗ್ರಾಂ ಅಂತ ಬರೆದಿರುತ್ತದೆ. ಒಂದು ದೊಡ್ಡ ಲೋಟಕ್ಕೆ ಸುಮಾರು 300 ಮಿಲಿಗ್ರಾಂ ಆಯಿತು. ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ ಅಂತ ನಾವು ಪ್ರತಿಯೊಬ್ಬರಿಗೂ ಹೇಳುತ್ತೇವೆ. ಅದೇ ಕ್ಯಾಲ್ಸಿಯಂ ಹಾಲಿನ ರೂಪದಲ್ಲಿ ಬಂದರೆ ಯಾರಿಗೂ ನೆನಪಾಗುವುದಿಲ್ಲ!

ಇದರಲ್ಲೇ ಇನ್ನೊಂದು ಸಣ್ಣ ತಮಾಷೆ ಇದೆ. ಬೆರೆಸಿದ ಕ್ಯಾಲ್ಸಿಯಂ ಪುಡಿ ಪ್ಯಾಕೆಟ್‌ನ ತಳದಲ್ಲಿ ಕೂರುತ್ತದೆ. ಅಲ್ಲಾಡಿಸದೆ ಸುರಿದರೆ ಮೊದಲ ಲೋಟದಲ್ಲಿ ಕಡಿಮೆ, ಕೊನೆಯ ಲೋಟದಲ್ಲಿ ಸುಣ್ಣದ ನೀರಿನ ಹಾಗೆ ಬೆಳ್ಳಗೆ ಗಸಿ. ಅಂದರೆ ನಿಮ್ಮ ಮಾತ್ರೆ ಸೋಮವಾರ ಒಂದಷ್ಟು ಒಳಗೆ ಹೋಗುತ್ತದೆ, ಗುರುವಾರ ಇನ್ನೊಂದಷ್ಟು. ದಿನದಿಂದ ದಿನಕ್ಕೆ ಹೀಗೆ ಏರುಪೇರಾಗುವುದು ಒಂದೇ ಸಮನೆ ಕಡಿಮೆ ಆಗುವುದಕ್ಕಿಂತ ತಲೆನೋವಿನ ವಿಷಯ, ಯಾಕೆಂದರೆ ಯಾವ ಲೆಕ್ಕಕ್ಕೆ ಡೋಸ್ ಬರೆಯಬೇಕು ಅಂತಲೇ ಗೊತ್ತಾಗುವುದಿಲ್ಲ.

ಹಾಗಾದರೆ ಮೊದಲ ವಾರವೇ ಸುಸ್ತು, ಮಲಬದ್ಧತೆ, ಚಳಿ ಅಂತ ಯಾಕೆ ಆಗಲಿಲ್ಲ ಅಂದರೆ, ಈ ಔಷಧಿ ದೇಹದಲ್ಲಿ ನಿಧಾನಕ್ಕೆ ಕರಗುತ್ತದೆ. ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಆರರಿಂದ ಎಂಟು ವಾರ. ಅದಕ್ಕೇ ಹಾಲು ಬದಲಾಯಿಸಿದ್ದು ಮತ್ತು ರಿಪೋರ್ಟ್ ಕೆಟ್ಟದ್ದು ಇವೆರಡರ ನಡುವೆ ನಂಟು ಯಾರ ತಲೆಗೂ ಬರುವುದಿಲ್ಲ.

ಈಗ ಮುಖ್ಯ ವಿಷಯ, ದಯವಿಟ್ಟು ನಿಧಾನವಾಗಿ ಓದಿ. 100ರ ಮಾತ್ರೆ ಶುರು ಮಾಡುವುದು, ಸೋಯಾ ನಿಲ್ಲಿಸುವುದು, ಇವೆರಡನ್ನೂ ಒಟ್ಟಿಗೆ ಮಾಡಬೇಡಿ. ಬಹಳ ಜನ ಬೀಳುವುದು ಇದೇ ಹಳ್ಳಕ್ಕೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಮಹಿಳೆ ಮಾತ್ರೆ ನುಂಗಿದ ಕೂಡಲೇ ಸೋಯಾ ಪ್ರೋಟೀನ್ ಪುಡಿ ಕಲಸಿ ಕುಡಿಯುತ್ತಿದ್ದರು. ಬೇರೆ ಕಡೆ ತೋರಿಸಿದಾಗ ಎರಡು ಸಲ ಡೋಸ್ ಏರಿತ್ತು, ರಿಪೋರ್ಟ್ ಸರಿಯೂ ಆಗಿತ್ತು. ಆಮೇಲೆ ಪುಡಿಯ ರುಚಿ ಬೇಜಾರಾಗಿ ಅವರೇ ಬಿಟ್ಟುಬಿಟ್ಟರು, ಯಾರಿಗೂ ಹೇಳಲಿಲ್ಲ, ಹೇಳಬೇಕು ಅಂತ ಅನಿಸಲೂ ಇಲ್ಲ. ಎರಡು ತಿಂಗಳಿಗೆ ಎದೆ ಡವಗುಟ್ಟಲು ಶುರುವಾಯಿತು, ರಾತ್ರಿ ನಿದ್ದೆ ಇಲ್ಲ, ಕೈ ನಡುಕ. ಟಿಎಸ್‌ಎಚ್ 0.1ಕ್ಕಿಂತ ಕೆಳಗೆ. ಗ್ರಂಥಿಯಲ್ಲಿ ಏನೂ ಬದಲಾಗಿರಲಿಲ್ಲ, ಇಷ್ಟು ದಿನ ಪೋಲಾಗುತ್ತಿದ್ದ ಔಷಧಿ ಈಗ ಪೂರ್ತಿ ಒಳಗೆ ಹೋಗುತ್ತಿತ್ತು. ಅವರಿಗೆ ವಯಸ್ಸು ಕಡಿಮೆ, ಡೋಸ್ ಇಳಿಸಿದ ಮೇಲೆ ಸರಿಹೋದರು. ಅರವತ್ತು ದಾಟಿದವರಲ್ಲಿ ಇದೇ ಸ್ಥಿತಿ ಮುಂದುವರಿದರೆ ಹೃದಯದ ಬಡಿತ ಲಯ ತಪ್ಪಬಹುದು, ಮೂಳೆಯೂ ಸವೆಯುತ್ತದೆ.

ನಿಮ್ಮ ಮುಂದೆ ಇರುವ ದಾರಿಗಳು ಇವು.

ನಾನಾಗಿದ್ದರೆ ಮೊದಲು ಕೇಳುವುದು ಹೊತ್ತು ಬದಲಾಯಿಸೋಣವಾ ಅಂತ. ಡೋಸ್ 75 ಹಾಗೇ ಇರಲಿ. ಎದ್ದ ಕೂಡಲೇ ಒಂದು ಲೋಟ ನೀರಿನ ಜೊತೆ ಮಾತ್ರೆ. ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಏನೂ ಬೇಡ, ಕಾಫಿಯೂ ಬೇಡ. ಆಮೇಲಿನ ಕಾಫಿಗೆ ಸೋಯಾ ಹಾಲು ಬೇಡ, ಸೋಯಾವನ್ನು ಸಂಜೆಗೆ ತಳ್ಳಿ. ನಾಲ್ಕು ಗಂಟೆ ಅಂತರ ಸಿಕ್ಕರೆ ಸೋಯಾ, ಕ್ಯಾಲ್ಸಿಯಂ ಎರಡರ ಚಿಂತೆಯೂ ತೀರಿತು. ಆರರಿಂದ ಎಂಟು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಟಿಎಸ್‌ಎಚ್ 2, 3ಕ್ಕೆ ಇಳಿದರೆ ಉತ್ತರ ಸಿಕ್ಕಿತು, ಹೊಸ ಸ್ಟ್ರಿಪ್ ಬೇಕಾಗುವುದೇ ಇಲ್ಲ. ಇಳಿಯದಿದ್ದರೆ ಆಗ ಏರಿಸಿ, ಏಕೆಂದರೆ ಆಗ ನಿಜವಾಗಿಯೂ ಜಾಸ್ತಿ ಬೇಕಾಗಿದೆ ಅಂತ ಅರ್ಥ. ಇದರಲ್ಲಿರುವ ತೊಂದರೆ ಅಂದರೆ ಈ ಎರಡು ತಿಂಗಳು ನಿಮಗೆ ಸ್ವಲ್ಪ ಸುಸ್ತು ಮುಂದುವರಿಯಬಹುದು.

ಎಲ್ಲರೂ ಹೀಗೆ ಕಾಯುವಂತಿಲ್ಲ. ನೀವು ಗರ್ಭಿಣಿ ಆಗಿದ್ದರೆ ಅಥವಾ ಮಗುವಿಗಾಗಿ ಪ್ರಯತ್ನದಲ್ಲಿದ್ದರೆ ಈ ಪ್ರಯೋಗ ಬೇಡ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ, ಡಾಕ್ಟರ್ ಹೇಳಿದ ಡೋಸ್ ಅವತ್ತೇ ಶುರುವಾಗಬೇಕು. ಟಿಎಸ್‌ಎಚ್ 10 ದಾಟಿದವರು, ಫ್ರೀ ಟಿ4 ನಾರ್ಮಲ್‌ಗಿಂತ ಕೆಳಗಿರುವವರು, ಥೈರಾಯ್ಡ್ ಕ್ಯಾನ್ಸರ್‌ಗೆ ಗ್ರಂಥಿ ತೆಗೆಸಿಕೊಂಡವರು, ಇವರೂ ಸುಮ್ನೆ ಕಾಯುತ್ತಾ ಕೂರಬಾರದು. ನಿಮ್ಮ 8.4 ಈ ಸಾಲಿಗೆ ಬರುವುದಿಲ್ಲ. ಆದರೂ ನಿಮ್ಮ ಪೂರ್ತಿ ಫೈಲ್ ಇರುವುದು ನಿಮ್ಮ ಡಾಕ್ಟರ್ ಹತ್ತಿರ, ಕೊನೆಯ ಮಾತು ಅವರದ್ದು.

ಬೆಳಗಿನ ಕಾಫಿ ಬಿಟ್ಟು ನಾನಿರಲಾರೆ ಅಂದರೆ ಮಾತ್ರೆಯನ್ನೇ ರಾತ್ರಿಗೆ ಸಾಗಿಸಬಹುದು. ಊಟ ಆಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುಂಚೆ. ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಒಂಬತ್ತೂವರೆಗೆ ಉಂಡು ಹತ್ತೂವರೆಗೆ ಮಲಗುವ ಮನೆಗಳಲ್ಲಿ ಈ ಮೂರು ಗಂಟೆ ಅನ್ನುವುದು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಮಲಗುವಾಗ ಒಂದು ಲೋಟ ಸೋಯಾ ಹಾಲು ಕುಡಿಯುವ ಅಭ್ಯಾಸ ಇದ್ದರಂತೂ ಕೇಳುವುದೇ ಬೇಡ.

ಮೂರನೆಯ ದಾರಿ, ಈಗ ಮಾಡುತ್ತಿರುವುದನ್ನೇ ಮುಂದುವರಿಸಿ ಅದಕ್ಕೆ ತಕ್ಕಂತೆ ಡೋಸ್ ಏರಿಸಿಕೊಳ್ಳುವುದು. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ಅಳತೆಗೆ, ಪ್ಯಾಕೆಟ್ ಅಲ್ಲಾಡಿಸಿ ಕುಡಿಯುವವರಿಗೆ ಇದೂ ನಡೆಯುತ್ತದೆ. ಪ್ರವಾಸಕ್ಕೆ ಹೋದಾಗ, ಪ್ಯಾಕೆಟ್ ಖಾಲಿಯಾದಾಗ, ಬ್ರಾಂಡ್ ಬದಲಾದಾಗ ಲೆಕ್ಕ ತಪ್ಪುತ್ತದೆ ಅನ್ನುವುದೇ ಇದರ ಕೊರತೆ. ಪೂರ್ತಿ ನಿಲ್ಲಿಸುವುದು ನಾಲ್ಕನೆಯದು. ಅದೂ ನಿಮ್ಮಿಷ್ಟ, ಆದರೆ ನಿಮ್ಮ ಥೈರಾಯ್ಡ್‌ಗಾಗಿ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನೊಂದು ಮಾತು. ಈ ನಾಲ್ಕು ತಿಂಗಳಲ್ಲಿ ಬೇರೆ ಏನಾದರೂ ಬದಲಾಗಿದೆಯಾ, ಅದನ್ನೂ ನೋಡಿಕೊಳ್ಳಿ. ಕಬ್ಬಿಣದ ಮಾತ್ರೆ, ಅಸಿಡಿಟಿಗೆ ದಿನಾ ನುಂಗುವ ಮಾತ್ರೆ, ತಪ್ಪಿಹೋದ ದಿನಗಳು, ಇವೂ ಟಿಎಸ್‌ಎಚ್ ಏರಿಸುತ್ತವೆ. ಸೋಯಾ ಮೇಲೆ ಅನುಮಾನ ಬಂತು ಅಂತ ಉಳಿದವರನ್ನು ಬಿಟ್ಟುಬಿಡುವುದು ಬೇಡ.

ಸರಿ, ಇಷ್ಟು ಹೊತ್ತು ನಾನು ಐಸೋಫ್ಲೇವೋನ್ ಅನ್ನುವ ಪದವನ್ನೇ ಎತ್ತಿಲ್ಲ, ಗಮನಿಸಿದಿರಾ? ಜನ ಹೆದರುವುದು ಅದಕ್ಕೇ. ಸೋಯಾ ಕಾಳಿನಲ್ಲಿ ಜೆನಿಸ್ಟೀನ್, ಡೈಡ್‌ಜೀನ್ ಅನ್ನುವ ವಸ್ತುಗಳಿವೆ, ಇವೇ ಮುಖ್ಯ ಐಸೋಫ್ಲೇವೋನ್‌ಗಳು. ನೋಡಲು ಈಸ್ಟ್ರೋಜನ್ ಹಾರ್ಮೋನನ್ನು ಸ್ವಲ್ಪ ಹೋಲುತ್ತವೆ, ಹಾಗಾಗಿ ಅದರ ಗ್ರಾಹಕಗಳಿಗೆ, ಅಂದರೆ ಜೀವಕೋಶದಲ್ಲಿ ಆ ಹಾರ್ಮೋನು ಕೂರುವ ಜಾಗಗಳಿಗೆ, ಹೋಗಿ ಕೂರುತ್ತವೆ. ಆದರೆ ಕೆಲಸ ಬಹಳ ದುರ್ಬಲ. ಈಸ್ಟ್ರೋಜನ್ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಅಂತ ಎರಡು ಬಗೆ. ನಮ್ಮ ದೇಹದ ಈಸ್ಟ್ರೋಜನ್ ಎರಡರಲ್ಲೂ ಚೆನ್ನಾಗಿ ಕೂರುತ್ತದೆ, ಇವು ಬೀಟಾ ಕಡೆಗೇ ಜಾಸ್ತಿ ವಾಲುತ್ತವೆ. "ಸೋಯಾದಲ್ಲಿ ಹೆಣ್ಣಿನ ಹಾರ್ಮೋನು ಇದೆ" ಅನ್ನುವ ಮಾತು ಅಲ್ಲಿಗೇ ಬಿತ್ತು.

ಥೈರಾಯ್ಡ್ ಮೇಲಿನ ಆರೋಪಕ್ಕೆ ಮಾತ್ರ ಒಂದು ನಿಜವಾದ ಹಿನ್ನೆಲೆ ಇದೆ. 1950 ಮತ್ತು 60ರ ದಶಕದಲ್ಲಿ ಸೋಯಾ ಹಿಟ್ಟಿನಿಂದ ಮಾಡಿದ ಶಿಶು ಆಹಾರ ಕುಡಿದ ಕೆಲವು ಕೂಸುಗಳಿಗೆ ಗಳಗಂಡ ಬಂತು. ಆ ಆಹಾರಕ್ಕೆ ಅಯೋಡಿನ್ ಸೇರಿಸಿರಲಿಲ್ಲ. ಸೇರಿಸಲು ಶುರು ಮಾಡಿದ ಮೇಲೆ, ಹಿಟ್ಟಿನ ಬದಲು ಶುದ್ಧ ಮಾಡಿದ ಸೋಯಾ ಪ್ರೋಟೀನ್ ಬಳಸಿದ ಮೇಲೆ ಆ ಸಮಸ್ಯೆ ಹೋಯಿತು. ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸುವಾಗ ಬೇಕಾಗುವ ಒಂದು ಕಿಣ್ವವನ್ನು ಐಸೋಫ್ಲೇವೋನ್ ತಡೆಯಬಲ್ಲದು ಅನ್ನುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಅಯೋಡಿನ್ ಸಾಕಷ್ಟು ಸಿಗುತ್ತಿರುವ, ಥೈರಾಯ್ಡ್ ಆರೋಗ್ಯವಾಗಿರುವ ಜನರಿಗೆ ಸೋಯಾ ಕೊಟ್ಟು ನೋಡಿದಾಗ ಹಾರ್ಮೋನಿನ ಮಟ್ಟ ಕದಲಿಲ್ಲ. 2019ರಲ್ಲಿ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4ರಲ್ಲಿ ವ್ಯತ್ಯಾಸ ಇರಲಿಲ್ಲ, ಟಿಎಸ್‌ಎಚ್ ಮಾತ್ರ ಒಂದು ಚೂರು ಏರಿತ್ತು, ಚಿಕಿತ್ಸೆ ಬದಲಾಯಿಸುವಷ್ಟಲ್ಲ.

ಹುಷಾರಾಗಿರಬೇಕಾದವರು ಒಂದು ಗುಂಪು ಇದ್ದಾರೆ. ಟಿಎಸ್‌ಎಚ್ ಸ್ವಲ್ಪ ಜಾಸ್ತಿ, ಟಿ4 ಸರಿಯಾಗಿದೆ, ಇನ್ನೂ ಮಾತ್ರೆ ಶುರುವಾಗಿಲ್ಲ, ಹೀಗೆ ಗಡಿಯಲ್ಲಿ ನಿಂತವರು. 2011ರ ಒಂದು ಅಧ್ಯಯನದಲ್ಲಿ ಇಂಥ 60 ಜನರಿಗೆ ದಿನಕ್ಕೆ 16 ಮಿಲಿಗ್ರಾಂ ಐಸೋಫ್ಲೇವೋನ್ ಇರುವ ಸೋಯಾ ಪ್ರೋಟೀನ್ ಕೊಟ್ಟಾಗ ಆರು ಜನ ಪೂರ್ತಿ ಹೈಪೋಥೈರಾಯ್ಡ್‌ಗೆ, ಅಂದರೆ ಥೈರಾಯ್ಡ್ ಕೊರತೆಗೆ, ಜಾರಿದರು. ಆಮೇಲೆ ಇದಕ್ಕಿಂತ ಜಾಸ್ತಿ ಪ್ರಮಾಣ ಕೊಟ್ಟ ಅಧ್ಯಯನದಲ್ಲಿ ಹಾಗೆ ಕಾಣಲಿಲ್ಲ. ಗಡಿಯಲ್ಲಿರುವವರಿಗೆ ನಾನು ಸೋಯಾ ಬೇಡ ಅನ್ನುವುದಿಲ್ಲ, ಪರೀಕ್ಷೆ ಸ್ವಲ್ಪ ಬೇಗ ಬೇಗ ಮಾಡಿಸಿ ಅನ್ನುತ್ತೇನೆ. ನೀವು ಈಗಾಗಲೇ ಮಾತ್ರೆಯಲ್ಲಿದ್ದೀರಿ, ನಿಮ್ಮ ಪ್ರಶ್ನೆ ಬರೀ ಹೊತ್ತಿನದು.

ಯಜಮಾನ್ರ ಎರಡು ಲೋಟಕ್ಕೆ ಬರೋಣ. ಒಂದು ಲೋಟ ಸೋಯಾ ಹಾಲಿನಲ್ಲಿ ಬ್ರಾಂಡ್ ನೋಡಿಕೊಂಡು ಸುಮಾರು 25 ಮಿಲಿಗ್ರಾಂ ಐಸೋಫ್ಲೇವೋನ್ ಅಂತ ಇಟ್ಟುಕೊಳ್ಳಿ, ಎರಡಕ್ಕೆ 50. ಜಪಾನಿನಲ್ಲಿ ಹಳೆಯ ಪದ್ಧತಿಯ ಊಟ ಮಾಡುವವರಿಗೆ ದಿನಾ ಸಿಗುವುದು ಹೆಚ್ಚುಕಡಿಮೆ ಇಷ್ಟೇ. ಗಂಡಸರ ಮೇಲೆ ನಡೆದ 41 ಅಧ್ಯಯನಗಳನ್ನು ಒಟ್ಟು ಸೇರಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಟೆಸ್ಟೋಸ್ಟೆರಾನ್ ಇಳಿದಿರಲಿಲ್ಲ, ಈಸ್ಟ್ರೋಜನ್ ಏರಿರಲಿಲ್ಲ. ಹಾಗಾದರೆ ಎದೆಯ ಕಥೆ ಎಲ್ಲಿಂದ ಬಂತು? ಅದು ಪೂರ್ತಿ ಕಟ್ಟುಕಥೆ ಅಲ್ಲ. 2008ರಲ್ಲಿ ಅರವತ್ತು ವರ್ಷದ ಒಬ್ಬರ ಪ್ರಕರಣ ವರದಿಯಾಯಿತು, ಎದೆ ಊದಿ ನೋವು ಬಂದಿತ್ತು, ಈಸ್ಟ್ರೋಜನ್ ಕೂಡ ಏರಿತ್ತು. ಅವರು ದಿನಕ್ಕೆ ಹೆಚ್ಚುಕಡಿಮೆ ಮೂರು ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದರು. ನಿಲ್ಲಿಸಿದ ಮೇಲೆ ನೋವು ಹೋಯಿತು, ಹಾರ್ಮೋನೂ ಇಳಿಯಿತು. ಮೂರು ಲೀಟರ್ ಯಾವ ಹಾಲು ಕುಡಿದರೂ ನಾನು ಯಾಕಪ್ಪಾ ಅಂತ ಕೇಳುತ್ತೇನೆ.

ಇನ್ನು ವೀರ್ಯದ ವಿಷಯ. ಬಂಜೆತನದ ಚಿಕಿತ್ಸೆಗೆ ಬಂದಿದ್ದ ಗಂಡಸರಲ್ಲಿ ಸೋಯಾ ಜಾಸ್ತಿ ತಿನ್ನುವವರ ವೀರ್ಯಾಣು ಸಾಂದ್ರತೆ ಕಡಿಮೆ ಇತ್ತು ಅಂತ 2008ರ ಇನ್ನೊಂದು ಅಧ್ಯಯನ ಹೇಳಿತು, ಚಲನೆ ಮತ್ತು ಆಕಾರದಲ್ಲಿ ತೊಂದರೆ ಇರಲಿಲ್ಲ. ಅಂಥ ಅಧ್ಯಯನದಿಂದ ಸೋಯಾವೇ ಕಾರಣ ಅಂತ ತೀರ್ಮಾನ ಮಾಡಲು ಬರುವುದಿಲ್ಲ. ಮಗುವಿಗೆ ಪ್ರಯತ್ನಿಸುತ್ತಿದ್ದು ಎಣಿಕೆ ಮೊದಲೇ ಕಡಿಮೆ ಇರುವವರು ಒಂದು ಲೋಟಕ್ಕೆ ಇಳಿಸಿಕೊಂಡರೆ ನಷ್ಟ ಏನೂ ಇಲ್ಲ. ಉಳಿದಂತೆ ಗಂಡಸಿನ ಒಂದು ಕಡೆ ಎದೆಯಲ್ಲಿ ಗಟ್ಟಿ ಗಂಟು ಸಿಕ್ಕರೆ ಸೋಯಾ ಮೇಲೆ ಹಾಕಿ ಸುಮ್ಮನಾಗಬೇಡಿ, ತೋರಿಸಿ. ಜಿಮ್ ಗೆಳೆಯರು ಕೊಡುವ ಹೆಸರಿಲ್ಲದ ಪುಡಿ, ಇಂಜೆಕ್ಷನ್‌ಗಳ ಬಗ್ಗೆಯೂ ಒಂದು ಸಲ ವಿಚಾರಿಸಿ. ಗಂಡಸರ ಎದೆ ಬೆಳೆಯುವುದಕ್ಕೆ ಅನಾಬಾಲಿಕ್ ಸ್ಟೀರಾಯ್ಡ್‌ಗಳು ಸೋಯಾ ಹಾಲಿಗಿಂತ ಎಷ್ಟೋ ಪಾಲು ಹೆಚ್ಚಿನ ಕಾರಣ.

ಮಗಳ ವಿಷಯಕ್ಕೆ ನಿಮ್ಮ ಅತ್ತೆಯವರಿಗೆ ಹೀಗೆ ಹೇಳಿ: ಹೆಣ್ಣುಮಕ್ಕಳಲ್ಲಿ ಎದೆ ಮೂಡುವುದು ಎಂಟರಿಂದ ಹದಿಮೂರು ವರ್ಷದ ಒಳಗೆ ಯಾವಾಗ ಶುರುವಾದರೂ ಸಹಜ. ಒಂಬತ್ತೂವರೆ ಅದರ ಒಳಗೇ ಇದೆ. ಮೊದಲು ಒಂದೇ ಕಡೆ, ನಿಪ್ಪಲ್ ಕೆಳಗೆ ಗುಂಡಿಯಷ್ಟು ಗಟ್ಟಿ, ಮುಟ್ಟಿದರೆ ಸ್ವಲ್ಪ ನೋವು, ಇನ್ನೊಂದು ಕಡೆ ಕೆಲವು ತಿಂಗಳು ತಡ, ಇದೂ ಮಾಮೂಲು. ಎಂಟು ವರ್ಷಕ್ಕೆ ಮುಂಚೆಯೇ ಕಾಣಿಸಿದ್ದರೆ, ಅಥವಾ ಈಗ ಒಂದೆರಡು ತಿಂಗಳಲ್ಲೇ ಎತ್ತರ ದಿಢೀರ್ ಏರಿ, ಕೂದಲು ಬಂದು, ರಕ್ತಸ್ರಾವವೂ ಶುರುವಾದರೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು, ಆಗ ಅವರು ಎಡಗೈ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ. ದಿನಕ್ಕೆ ಒಂದು ಲೋಟ ಸೋಯಾ ಹಾಲು ಮಕ್ಕಳನ್ನು ಬೇಗ ಋತುಮತಿ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಕೂಸಾಗಿದ್ದಾಗ ಸೋಯಾ ಶಿಶು ಆಹಾರವನ್ನೇ ಕುಡಿದು ಬೆಳೆದವರನ್ನು ದೊಡ್ಡವರಾದ ಮೇಲೆ ಹುಡುಕಿ ವಿಚಾರಿಸಿದ 2001ರ ಒಂದು ಅಮೆರಿಕನ್ ಅಧ್ಯಯನದಲ್ಲೂ ಮೈನೆರೆದ ವಯಸ್ಸಿನಲ್ಲಿ ವ್ಯತ್ಯಾಸ ಇರಲಿಲ್ಲ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ದಿನಗಳು ಒಂದು ಚೂರು ಉದ್ದ, ನೋವು ಸ್ವಲ್ಪ ಜಾಸ್ತಿ, ಅಷ್ಟು ಕಂಡಿತ್ತು. ಮಗಳಿಗೆ ಕೊಡುವ ಹಾಲಿನಲ್ಲಿ ನೀವು ನೋಡಬೇಕಾದದ್ದು ಬೇರೆ: ಸಕ್ಕರೆ ಹಾಕಿಲ್ಲದ್ದೇ, ಕ್ಯಾಲ್ಸಿಯಂ ಬೆರೆಸಿದ್ದೇ, ಚೆನ್ನಾಗಿ ಅಲ್ಲಾಡಿಸಿ ಕೊಡುತ್ತಿದ್ದೀರಾ. ನಿಮಗೆ ತೊಂದರೆ ಕೊಟ್ಟ ಅದೇ ಗಸಿ ಅವಳ ಮೂಳೆಗೆ ಬೇಕು.

ನೀವು ಕೇಳಿಲ್ಲ, ಆದರೆ ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು ಅಂತ ಹೇಳುತ್ತೇನೆ. ಹುಟ್ಟುವಾಗಲೇ ಥೈರಾಯ್ಡ್ ಕೊರತೆ ಇರುವ ಕೂಸುಗಳಲ್ಲಿ ಸೋಯಾ ನಿಜಕ್ಕೂ ಗಂಭೀರ ವಿಷಯ. ಮಾತ್ರೆ ಪುಡಿ ಮಾಡಿ ಸೋಯಾ ಶಿಶು ಆಹಾರದಲ್ಲಿ ಕಲಸಿ ಕೊಡಲೇಬಾರದು. ಎದೆಹಾಲು ಅಥವಾ ನೀರಿನ ಒಂದೆರಡು ಚಮಚದಲ್ಲಿ ಕಲಸಿ ಕೂಡಲೇ ಕುಡಿಸಿ. ಬೇರೆ ದಾರಿ ಇಲ್ಲದೆ ಸೋಯಾ ಶಿಶು ಆಹಾರವೇ ಕೊಡಬೇಕಾದರೆ ಡೋಸ್ ಜಾಸ್ತಿ ಬೇಕಾಗುತ್ತದೆ, ರಕ್ತ ಪರೀಕ್ಷೆಯೂ ಹೆಚ್ಚು ಸಲ. ನಿಲ್ಲಿಸುವಾಗಲೂ ಡಾಕ್ಟರಿಗೆ ಹೇಳಿಯೇ ನಿಲ್ಲಿಸಿ, ಇಲ್ಲದಿದ್ದರೆ ಆ ಮಹಿಳೆಗೆ ಆದದ್ದೇ ಕೂಸಿಗೂ ಆಗುತ್ತದೆ. ದೊಡ್ಡವರು ಕುಡಿಯುವ ಪ್ಯಾಕೆಟ್ ಸೋಯಾ ಹಾಲನ್ನಂತೂ ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲು ಕೊಡಬಾರದು.

ನಿಮ್ಮ ಪರೀಕ್ಷೆಗೆ ವಾಪಸ್ ಬರುತ್ತೇನೆ. ಎಂಟು ವಾರದ ಮೇಲೆ ಹೋಗುವಾಗ ಹಿಂದಿನ ಸಲದ ಲ್ಯಾಬ್‌ಗೇ ಹೋಗಿ, ಬೆಳಿಗ್ಗೆಯೇ ಹೋಗಿ, ಅವತ್ತಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಎರಡು ದಿನ ಮುಂಚೆ ನಿಲ್ಲಿಸಿ, ಅದು ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಈ ನಡುವೆ ಎದೆ ಡವಗುಟ್ಟಿದರೆ, ಅಥವಾ ಮುಖ ಊದಿ ಮೈ ಏಳಲಾರದಷ್ಟು ಸುಸ್ತಾದರೆ ಎಂಟು ವಾರ ಕಾಯಬೇಡಿ. 100ರ ಸ್ಟ್ರಿಪ್ ಎಸೆಯಬೇಡಿ, ಆದರೆ 75ರ ಡಬ್ಬಿಯಿಂದ ದೂರ ಇಡಿ. ಎರಡರ ಸ್ಟ್ರಿಪ್ಪೂ ನೋಡಲು ಒಂದೇ ಥರ ಇದ್ದುಬಿಟ್ಟರೆ ಬೆಳಗಿನ ನಿದ್ದೆಗಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.